ಸಹಾಯ ಬೇಕು: ಸ್ಪೀಕರ್ ಉತ್ತರದ ನಡುವೆ ‘ಸ್ಟಾರ್ ಸ್ಟಾರ್’ ಅನ್ನುತ್ತಿದೆ

ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು, ಭಿನ್ನರಾಶಿ ಕಲಿಯುತ್ತಿದ್ದಾಳೆ. ಮನೆಯ ವಾಯ್ಸ್ ಸ್ಪೀಕರಿಗೆ ಎಐ ಚಾಟ್ ಜೋಡಿಸಿದ್ದೇವೆ. ನಿನ್ನೆ ಅಂಶ ಅಂದರೇನು ಎಂದು ಕೇಳಿದಳು. ಅದು “ಸ್ಟಾರ್ ಸ್ಟಾರ್ ಅಂಶ ಸ್ಟಾರ್ ಸ್ಟಾರ್” ಎಂದು ಶುರುಮಾಡಿ, ಮುಕ್ಕಾಲನ್ನು “ಏಪ್ರಿಲ್ ಮೂರು” ಎಂದು ಓದಿತು. ಮಗು ಗೊಂದಲದಲ್ಲಿದೆ. ಸ್ಪೀಕರ್ ಕೆಟ್ಟಿದೆಯೇ?

ಉತ್ತರ:

ಇಲ್ಲ ಮೇಡಂ, ಕೆಟ್ಟಿರಲಾರದು. ಉತ್ತರ ಬರೆಯುವುದು ಒಂದು ಪ್ರೋಗ್ರಾಂ, ಓದುವುದು ಇನ್ನೊಂದು. ಬರೆಯುವುದು ಪರದೆಗೆಂದು ಹೀಗೆ ಬರೆದಿರುತ್ತದೆ:

```
**ಅಂಶ**: 3/4 ರಲ್ಲಿ 3
```

ಪರದೆಯಲ್ಲಿ ಆ ನಕ್ಷತ್ರಗಳು ಮಾಯವಾಗಿ ‘ಅಂಶ’ ದಪ್ಪ ಅಕ್ಷರವಾಗುತ್ತದೆ. ಓದುವ ಪ್ರೋಗ್ರಾಂಗೆ ಅದು ಗೊತ್ತಿಲ್ಲ, ನಕ್ಷತ್ರ ಕಂಡರೆ ಅದನ್ನೂ ಉಚ್ಚರಿಸುತ್ತದೆ. 3/4 ಎಂಬುದು ತಾರೀಖೂ ಆಗಬಹುದಲ್ಲ, ಅಲ್ಲಿ ಅದು ಊಹಿಸಿ ತಪ್ಪಿದೆ.

ಖಚಿತಪಡಿಸಿಕೊಳ್ಳಲು ಮೊಬೈಲ್ ಆ್ಯಪಿನಲ್ಲಿ ಹಳೆಯ ಸಂಭಾಷಣೆ ಉಳಿದಿದ್ದರೆ ತೆರೆದು ನೋಡಿ. ಅಲ್ಲಿ ನಕ್ಷತ್ರವಾಗಲಿ ದಪ್ಪ ಅಕ್ಷರವಾಗಲಿ ಕಂಡರೆ ತಪ್ಪು ಬರಹದ್ದು. ಬರಹ ಶುದ್ಧವಾಗಿದ್ದೂ ಓದು ಕೆಟ್ಟರೆ ಧ್ವನಿಯ ಭಾಷೆ ಕನ್ನಡಕ್ಕಿದೆಯೇ ನೋಡಿ.

ಚಾಟ್‌ನ ಸೂಚನೆಯ ಜಾಗದಲ್ಲಿ ಇಷ್ಟು ಬರೆದಿಡಿ: “ಉತ್ತರವನ್ನು ಗಟ್ಟಿಯಾಗಿ ಓದಲಾಗುತ್ತದೆ. ಚಿಹ್ನೆ, ಪಟ್ಟಿ ಬೇಡ, ಪೂರ್ತಿ ವಾಕ್ಯ ಸಾಕು. ಭಿನ್ನರಾಶಿಯನ್ನು ‘ನಾಲ್ಕರಲ್ಲಿ ಮೂರು’ ಎಂದು ಅಕ್ಷರದಲ್ಲೇ ಬರೆ.” ‘ಚಿಹ್ನೆ ಬೇಡ’ ಎಂದಷ್ಟೇ ಹೇಳುವುದಕ್ಕಿಂತ ಕಾರಣವನ್ನೂ ಹೇಳುವುದು ಒಳ್ಳೆಯದು. ಆಗ ನೀವು ಹೆಸರಿಸದ ಕೋಷ್ಟಕ, ಲಿಂಕ್‌ಗಳನ್ನೂ ಅದು ಸಾಮಾನ್ಯವಾಗಿ ಬಿಡುತ್ತದೆ. ಉದ್ದದ ಲೆಕ್ಕವನ್ನು ಮಾತ್ರ ಪರದೆಯಲ್ಲೇ ತೋರಿಸಿ, ಕೇಳಿ ಹಿಡಿಯುವುದು ಮಗುವಿಗೆ ಕಷ್ಟ.