ಬಲಭುಜ 3ನೇ ಸಲ ಜಾರಿದೆ, ಈ ಸಲ ಟೀ ಶರ್ಟ್ ತೆಗೆಯುವಾಗ. ವ್ಯಾಯಾಮ ಸಾಕಾ, ಆಪರೇಷನ್ನೇ ಬೇಕಾ?

ಡೀಪ್ ಪಾಯಿಂಟ್
ನನಗೆ 19 ವರ್ಷ. ಬ್ಯಾಟ್ಸ್‌ಮನ್, ಫೀಲ್ಡಿಂಗ್ ಯಾವಾಗಲೂ ಬೌಂಡರಿಯಲ್ಲಿ, ಥ್ರೋ ಬಲಗೈಯಲ್ಲಿ. 14 ತಿಂಗಳ ಹಿಂದೆ ಡೈವ್ ಹೊಡೆದು ಚಾಚಿದ ಕೈಯ ಮೇಲೆ ಬಿದ್ದೆ, ಭುಜ ಮುಂದಕ್ಕೆ ಕಳಚಿತು. ಆಸ್ಪತ್ರೆಯಲ್ಲಿ ಕೂರಿಸಿ 3 ವಾರ ಸ್ಲಿಂಗ್ ಹಾಕಿದರು. 5 ತಿಂಗಳ ಮೇಲೆ ದೂರದಿಂದ ಥ್ರೋ ಮಾಡುವಾಗ, ಕೈ ಹಿಂದಕ್ಕೆ ಹೋದ ಕ್ಷಣದಲ್ಲೇ ಮತ್ತೆ ಜಾರಿತು. ಆಗ ನಮ್ಮ ತಂಡದವನೊಬ್ಬ ಎಳೆದು ಕೂರಿಸಿದ. ಹೋದ ವಾರ ಟೀ ಶರ್ಟ್ ತೆಗೆಯುತ್ತಿದ್ದೆ, ಕೈ ತಲೆಯ ಮೇಲಿತ್ತು, ಟಕ್ ಅಂತ ಹೋಯಿತು. ಕೈ ಇಳಿಸಿದಾಗ ತಾನಾಗಿಯೇ ಕೂತಿತು.

ಎಂಆರ್‌ಐಯಲ್ಲಿ ಕೀಲಿನ ಬಟ್ಟಲಿನ ಅಂಚಿಗೆ ಸುತ್ತ ಇರುವ ಲೇಬ್ರಮ್ ಎಂಬ ಮೆತ್ತನೆಯ ಪಟ್ಟಿ ಮುಂದಿನ ಕೆಳಭಾಗದಲ್ಲಿ ಹರಿದಿದೆ, ತೋಳಿನ ಮೂಳೆಯ ಗುಂಡಿನ ಹಿಂಭಾಗದಲ್ಲಿ ಹಿಲ್-ಸ್ಯಾಕ್ಸ್ ಎಂಬ ತಗ್ಗು ಇದೆ ಎಂದು ಬಂದಿದೆ. 4 ತಿಂಗಳು ರಬ್ಬರ್ ಬ್ಯಾಂಡ್ ವ್ಯಾಯಾಮ ಒಂದು ದಿನವೂ ಬಿಟ್ಟಿಲ್ಲ. ಎಲ್ಲಿ ತಪ್ಪಿದೆ?

ಕಬ್ಬಿಣ ಪ್ರಿಯ
ಬ್ಯಾಂಡ್‌ನಿಂದ ಏನೂ ಆಗಲ್ಲ ಗುರು. ಮಾಂಸ ಬರಬೇಕು. ಬೆಂಚ್ ಪ್ರೆಸ್, ಡಿಪ್ಸ್, ಶೋಲ್ಡರ್ ಪ್ರೆಸ್. ಭುಜದ ಸುತ್ತ ಸ್ನಾಯು ಗಟ್ಟಿಯಾದರೆ ಕೀಲು ಎಲ್ಲಿಗೂ ಹೋಗಲ್ಲ. ಡಾಕ್ಟರನ್ನು ಕೇಳಿದರೆ ಆಪರೇಷನ್ ಅಂತಲೇ ಹೇಳೋದು.

ಸಂಜೆ ವಾಕಿಂಗ್
ನನಗೂ ಭುಜದ ತೊಂದರೆ ಇತ್ತಪ್ಪ, ಕೈ ಮೇಲಕ್ಕೇ ಏಳುತ್ತಿರಲಿಲ್ಲ. ದಿನಾ ಗೋಡೆ ಹಿಡಿದು ಕೈಯನ್ನು ಹಿಂದಕ್ಕೆ ಚೆನ್ನಾಗಿ ಎಳೆದು ಸ್ಟ್ರೆಚ್ ಮಾಡು. ಒಂದು ವರ್ಷದಲ್ಲಿ ಪೂರ್ತಿ ಸರಿಹೋಯಿತು.

ಫಿಸಿಯೋ ಮೇಜು
ಸಂಜೆ ವಾಕಿಂಗ್ ಸರ್, ನಿಮ್ಮದು ಬಿಗಿಯಾದ ಭುಜ, ಇವನದು ಸಡಿಲವಾದದ್ದು. ಇವನು ಗೋಡೆ ಹಿಡಿದು ಕೈಯನ್ನು ಹಿಂದಕ್ಕೆ ಎಳೆದರೆ ಅಲ್ಲೇ ಕಳಚಬಹುದು. ದಯವಿಟ್ಟು ಬೇಡ.

ಕಬ್ಬಿಣ ಪ್ರಿಯ ಹೇಳಿದ್ದರಲ್ಲಿ ಅರ್ಧ ನಿಜ. ಕೈ ಪಕ್ಕದಲ್ಲಿದ್ದಾಗ, ಅರ್ಧ ಎತ್ತಿದಾಗ ಗುಂಡನ್ನು ಬಟ್ಟಲಲ್ಲಿ ಹಿಡಿದಿಡುವುದು ಹೆಚ್ಚಾಗಿ ಸ್ನಾಯುಗಳೇ. ಆದರೆ ಥ್ರೋ ಮಾಡಲು ಕೈ ಎತ್ತಿ ಹಿಂದಕ್ಕೆ ತಿರುಗಿಸಿದಾಗ, ಗುಂಡು ಮುಂದಕ್ಕೆ ಜಾರದಂತೆ ತಡೆಯುವುದು ಮುಂದಿನ ಲಿಗಮೆಂಟ್. ಅದು ಲೇಬ್ರಮ್‌ಗೆ ಅಂಟಿಕೊಂಡಿರುತ್ತದೆ. ಲೇಬ್ರಮ್ಮೇ ಬಟ್ಟಲಿನ ಅಂಚಿನಿಂದ ಕಿತ್ತು ಬಂದಿದ್ದರೆ ಆ ಲಿಗಮೆಂಟಿಗೆ ಹಿಡಿತ ಎಲ್ಲಿ? ಬ್ಯಾಂಡ್ ಎಷ್ಟು ಎಳೆದರೂ ಕಿತ್ತ ಅಂಚು ತನ್ನ ಜಾಗಕ್ಕೆ ಹೋಗಿ ಕೂರುವುದಿಲ್ಲ. ಇನ್ನು ಡಿಪ್ಸ್, ಅಗಲ ಹಿಡಿತದ ಬೆಂಚ್ ಪ್ರೆಸ್ ಎರಡೂ ಗುಂಡನ್ನು ಮುಂದಕ್ಕೇ ನೂಕುತ್ತವೆ. ಈಗ ಮುಟ್ಟಲೇಬೇಡ.

ಒಂದು ಪ್ರಶ್ನೆ. ಆ 4 ತಿಂಗಳು ಮೊಣಕೈ ಎಲ್ಲಿ ಇಟ್ಟುಕೊಂಡು ಮಾಡಿದೆ?

ಡೀಪ್ ಪಾಯಿಂಟ್
ಪಕ್ಕೆಗೆ ಒತ್ತಿಕೊಂಡು ಮೇಡಂ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್, ಮುಂಗೈ ಹೊರಕ್ಕೆ. 15ರಂತೆ 3 ಸೆಟ್. 4 ತಿಂಗಳೂ ಇದೊಂದೇ.

ಫಿಸಿಯೋ ಮೇಜು
ಶುರು ಸರಿಯಾಗಿದೆ, ಅಲ್ಲೇ ನಿಂತುಬಿಟ್ಟಿದೆ. ನಿನ್ನ ಭುಜ ಪಕ್ಕದಲ್ಲಿರುವಾಗ ಜಾರುತ್ತಿಲ್ಲ, ಮೇಲಿರುವಾಗ ಜಾರುತ್ತಿದೆ ಅಲ್ವಾ? ಮೇಲೆ ಹಿಡಿಯುವುದನ್ನು ಸ್ನಾಯು ಕಲಿತೇ ಇಲ್ಲ.

ಮುಂದಿನ ಮೆಟ್ಟಿಲು ಭುಜದ ರೆಕ್ಕೆ ಮೂಳೆ. ಬಟ್ಟಲು ಇರುವುದೇ ಅದರ ಮೇಲೆ. ಗೋಡೆಗೆ ಪುಷ್‌ಅಪ್ ಮಾಡಿ, ಕೈ ನೇರವಾದ ಮೇಲೂ ಇನ್ನೊಂದು ಎರಡು ಇಂಚು ಗೋಡೆಯನ್ನು ತಳ್ಳು. ಬೆನ್ನು ಸ್ವಲ್ಪ ಗುಂಡಗಾಗಿ ರೆಕ್ಕೆ ಪಕ್ಕೆಲುಬಿನ ಮೇಲೆ ಮುಂದಕ್ಕೆ ಸರಿಯಬೇಕು. ಜೊತೆಗೆ ಬ್ಯಾಂಡ್ ರೋಯಿಂಗ್, ಮೊಣಕೈ ಬೆನ್ನಿನ ಗೆರೆ ದಾಟದಂತೆ. ಆಮೇಲೆ ಟವೆಲ್ ವ್ಯಾಯಾಮವನ್ನೇ ಮೊಣಕೈಯನ್ನು 45 ಡಿಗ್ರಿಗೆ ಎತ್ತಿ ಮಾಡುವುದು. ಕೊನೆಗೆ 90 ಡಿಗ್ರಿ, ಅಂದರೆ ಥ್ರೋ ಭಂಗಿ. ವಾಪಸ್ ಬರುವಾಗ 3 ಸೆಕೆಂಡ್ ತಡೆದು ಬರಬೇಕು, ಥ್ರೋ ಆದ ಮೇಲೆ ಕೈಗೆ ಬ್ರೇಕ್ ಹಾಕುವುದು ಆ ಸ್ನಾಯುಗಳೇ. ಯಾವ ಹಂತದಲ್ಲೇ ಆಗಲಿ, ನೋವಿಲ್ಲದಿದ್ದರೂ ‘ಈಗ ಜಾರಿಬಿಡುತ್ತದೆ’ ಎಂಬ ಭಯ ಬಂದರೆ ಒಂದು ಮೆಟ್ಟಿಲು ಕೆಳಗಿಳಿ. ಆ ಭಯ ಮನಸ್ಸಿನದಲ್ಲ, ಕೀಲಿನದು. ಪರೀಕ್ಷೆ ಮಾಡುವಾಗ ನಾವು ಹುಡುಕುವುದೂ ಅದನ್ನೇ.

ಆದರೂ ನಿನಗೆ ವ್ಯಾಯಾಮ ಒಂದೇ ಸಾಕು ಎಂದು ಹೇಳಲು ನನಗೆ ಧೈರ್ಯವಿಲ್ಲ. ಕಾರಣ ಆ ಟೀ ಶರ್ಟ್. ಮೊದಲ ಸಲ ಡೈವ್ ಬೇಕಾಯಿತು, ಎರಡನೇ ಸಲ ಜೋರು ಥ್ರೋ, ಮೂರನೇ ಸಲ ಬಟ್ಟೆ. ಇಷ್ಟು ಕಡಿಮೆ ಬಲಕ್ಕೆ ಜಾರುತ್ತದೆ ಎಂದರೆ ಲೇಬ್ರಮ್ ಜೊತೆಗೆ ಬಟ್ಟಲಿನ ಮುಂದಿನ ಮೂಳೆಯೂ ಸವೆದಿರಬಹುದು. ಎಷ್ಟು ಹೋಗಿದೆ ಎಂದು ಅಳೆಯಲು 3ಡಿ ಸಿಟಿ ಸ್ಕ್ಯಾನ್ ಬೇಕು. ಸರ್ಜನ್ ಹತ್ತಿರ ಅದನ್ನು ಕೇಳು.

ಮತ್ತೆ, ಮೈದಾನದಲ್ಲಿ ಎಳೆಯುವುದು ನಿಲ್ಲಲಿ. ಒಳಗೆ ಮೂಳೆ ಮುರಿದಿದ್ದರೆ, ನರ ಸಿಕ್ಕಿಕೊಂಡಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕೈಯನ್ನು ಇದ್ದ ಭಂಗಿಯಲ್ಲೇ ಆನಿಸಿಕೊಂಡು ಆಸ್ಪತ್ರೆಗೆ ಹೋಗು. ತೋಳಿನ ಹೊರಭಾಗ, ಭುಜದ ಸ್ವಲ್ಪ ಕೆಳಗೆ, ಜೋಮು ಹಿಡಿದಿದ್ದರೆ ಅದನ್ನು ಅಲ್ಲಿ ಮೊದಲೇ ಹೇಳು.

ಎಡಗೈ ಸ್ಪಿನ್
ನನ್ನ ಎಡಭುಜ 2 ಸಲ ಹೋಗಿತ್ತು. ಮೂಳೆ ಸರಿ ಇತ್ತು, ಹಾಗಾಗಿ ಕ್ಯಾಮೆರಾ ಇರುವ ಸಣ್ಣ ನಳಿಕೆ ಹಾಕಿ ಬ್ಯಾಂಕಾರ್ಟ್ ರಿಪೇರಿ ಮಾಡಿದರು. ಲೇಬ್ರಮ್ಮನ್ನು ಬಟ್ಟಲಿನ ಅಂಚಿಗೆ ವಾಪಸ್ ಹೊಲಿಯುವುದು. 5 ವಾರ ಸ್ಲಿಂಗ್. ಮೆತ್ತಗೆ ಥ್ರೋ ಶುರು ಮಾಡಿದ್ದು 4 ತಿಂಗಳಿಗೆ, ಪಂದ್ಯ ಆಡಿದ್ದು 7 ತಿಂಗಳಿಗೆ. ಅದಾದ ಮೇಲೆ ಜಾರಿಲ್ಲ. ಬೌಲಿಂಗ್ ಮೊದಲಿನಂತೆಯೇ ಇದೆ, ಬೌಂಡರಿಯಿಂದ ಥ್ರೋ ಮಾತ್ರ ಮೊದಲಿನಷ್ಟು ಚಪ್ಪಟೆಯಾಗಿ ಬರುವುದಿಲ್ಲ. ಸುಮ್ನೆ ಕಾಯಬೇಡ, ಮಾಡಿಸಿಬಿಡು.

ಡೀಪ್ ಪಾಯಿಂಟ್ (3 ವಾರದ ನಂತರ)
ಸಿಟಿ ಆಯಿತು. ಬಟ್ಟಲಿನ ಮುಂಭಾಗದ ಮೂಳೆ 18% ಹೋಗಿದೆಯಂತೆ. ಕೈ ಎತ್ತಿ ತಿರುಗಿಸಿದಾಗ ಹಿಂದಿನ ತಗ್ಗು ಬಟ್ಟಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ ಎಂದರು. ಒಬ್ಬ ಸರ್ಜನ್ ಬ್ಯಾಂಕಾರ್ಟ್ ಜೊತೆ ಹಿಂದಿನ ಸ್ನಾಯುರಜ್ಜುವನ್ನು ಆ ತಗ್ಗಿಗೆ ಹೊಲಿದು ತುಂಬೋಣ ಅಂದರು. ಇನ್ನೊಬ್ಬರು ನೇರವಾಗಿ ಲಟಾರ್ಜೆ ಅಂದರು. ಈಗ ತಲೆ ಕೆಟ್ಟಿದೆ.

ಫಿಸಿಯೋ ಮೇಜು
ಇಬ್ಬರೂ ಸರಿಯೇ ಇರಬಹುದು. ಮೂಳೆ 20-25% ಹೋಗಿದ್ದರೆ ಹೆಚ್ಚಿನವರು ಬರೀ ಲೇಬ್ರಮ್ ಹೊಲಿಯಲು ಒಪ್ಪುವುದಿಲ್ಲ. ಅಂಚು ಚಿಕ್ಕದಾದ ಬಟ್ಟಲಿಗೆ ಹೊಲಿಗೆ ಹಾಕಿದರೂ ಗುಂಡು ಉರುಳಿ ಹೋಗುತ್ತದೆ. ಲಟಾರ್ಜೆಯಲ್ಲಿ ಪಕ್ಕದ ಕೊರಕಾಯ್ಡ್ ಎಂಬ ಮೂಳೆಯ ತುಂಡನ್ನು ಅದಕ್ಕೆ ಅಂಟಿದ ಸ್ನಾಯುವಿನ ಸಮೇತ ತಂದು ಬಟ್ಟಲಿನ ಮುಂದಿನ ಅಂಚಿಗೆ ಸ್ಕ್ರೂ ಹಾಕುತ್ತಾರೆ. ಅಂಚೂ ಬೆಳೆಯುತ್ತದೆ, ಆ ಸ್ನಾಯು ಮುಂದಿನಿಂದ ತಡೆಯಾಗಿಯೂ ನಿಲ್ಲುತ್ತದೆ. ಆದರೆ ದೊಡ್ಡ ಕೆಲಸ, ಹತ್ತಿರದಲ್ಲೇ ನರಗಳಿವೆ. ತಗ್ಗಿಗೆ ಹಾಕುವ ಹೊಲಿಗೆ ಅಷ್ಟು ದೊಡ್ಡದಲ್ಲ, ಆದರೆ ಕೈ ಹೊರಕ್ಕೆ ತಿರುಗುವುದು ಸ್ವಲ್ಪ ಕಡಿಮೆಯಾಗಬಹುದು. ಥ್ರೋ ಮಾಡುವ ಕೈಗೆ ಆ ಕೊನೆಯ ಕೆಲವು ಡಿಗ್ರಿಯೇ ಮುಖ್ಯ. ನಿನ್ನ ಮೂಳೆ ಹೋಗಿರುವುದು 18%, ಅದಕ್ಕೇ ಈ ಜಗಳ. ‘ನನ್ನ ಥ್ರೋ ಭಂಗಿಯಲ್ಲಿ ಎಷ್ಟು ತಿರುಗುವಿಕೆ ಹೋಗುತ್ತದೆ, ಮತ್ತೆ ಜಾರಿದರೆ ಮುಂದೇನು’ ಎಂದು ಇಬ್ಬರನ್ನೂ ಕೇಳು.

ಎಡಗೈ ಸ್ಪಿನ್
ಹಾಗಾದರೆ ‘ಮಾಡಿಸಿಬಿಡು’ ಎಂದ ನನ್ನ ಮಾತು ಪಕ್ಕಕ್ಕಿಡು. ನನ್ನ ಆಪರೇಷನ್ನೇ ಬೇರೆ, ನಿನ್ನದೇ ಬೇರೆ.

ಕಬ್ಬಿಣ ಪ್ರಿಯ
ಸೀಸನ್ ಮುಗಿಯುವವರೆಗೆ ಟೇಪ್ ಹಾಕಿಕೊಂಡು ಸ್ಲಿಪ್‌ನಲ್ಲಿ ನಿಲ್ಲಬಹುದಲ್ಲ?

ಫಿಸಿಯೋ ಮೇಜು
ಮೂಳೆ ಸರಿ ಇದ್ದವರು ಕೆಲವೊಮ್ಮೆ ಹಾಗೆ ಆಡುತ್ತಾರೆ. ಇವನಿಗೆ ಪ್ರತಿ ಸಲ ಜಾರಿದಾಗಲೂ ಆ 18% ಇನ್ನಷ್ಟು ಏರಬಹುದು. ಸ್ಲಿಪ್‌ನಲ್ಲೂ ಡೈವ್ ಇದೆ.

ಡೀಪ್ ಪಾಯಿಂಟ್
ಸೀಸನ್ ಬಿಟ್ಟೆ. ಯಾವ ಆಪರೇಷನ್ ಎಂದು ಇನ್ನೂ ತೀರ್ಮಾನವಾಗಿಲ್ಲ, ಮುಂದಿನ ಗುರುವಾರ ಮತ್ತೆ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಗೋಡೆ ಪುಷ್‌ಅಪ್, ಮತ್ತೆ ಮುಂದೆ ಗುಂಡಿ ಇರುವ ಅಂಗಿ ಮಾತ್ರ.