ಇನ್ಫೋಸಿಸ್ ಡಿವಿಡೆಂಡ್, ಸ್ಪ್ಲಿಟ್, ಬೋನಸ್: ದಿನಾಂಕ ಸಮೇತ ಪಟ್ಟಿ ಮಾಡೋದು ಹೇಗೆ?

ಕೇಳಿದವರು, ದಾವಣಗೆರೆ: ಅಪ್ಪ 1993ರ ಐಪಿಒನಲ್ಲಿ ಇನ್ಫೋಸಿಸ್‌ನ 100 ಷೇರು ತಗೊಂಡಿದ್ರು. ಅಲ್ಲಿಂದ ಇಲ್ಲಿವರೆಗಿನ ಡಿವಿಡೆಂಡ್, ಸ್ಪ್ಲಿಟ್, ಬೋನಸ್ ಎಲ್ಲಾ ದಿನಾಂಕ ಸಮೇತ ಒಂದೇ ಪಟ್ಟಿಯಲ್ಲಿ ಬೇಕು. ಒಂದೊಂದು ಸೈಟಿನಲ್ಲಿ ಒಂದೊಂದು ಥರ ಇದೆ. ಯಾವುದನ್ನು ನಂಬೋದು? ಮಾಡಿದವರು ಹೇಳಿ.

ಲೆಕ್ಕಪರಿಶೋಧಕಿ, ಮೈಸೂರು: ಬಿಎಸ್‌ಇಯಿಂದ ಶುರು ಮಾಡಿ. bseindia.com ನಲ್ಲಿ Corporates ಒಳಗೆ Corporate Actions ಇದೆ. ಅಲ್ಲಿ ಕೋಡ್ 500209 ಹಾಕಿ, ಅವಧಿ ಆರಿಸಿ, ಬಂದದ್ದನ್ನು ಇಳಿಸಿಕೊಳ್ಳಿ. ಹೆಸರಿಗಿಂತ ಕೋಡ್ ಹಾಕೋದು ಒಳ್ಳೇದು. ಕಂಪನಿ 2011ರಲ್ಲಿ ಇನ್ಫೋಸಿಸ್ ಟೆಕ್ನಾಲಜೀಸ್‌ನಿಂದ ಬರೀ ಇನ್ಫೋಸಿಸ್ ಆಯಿತು. ಎನ್‌ಎಸ್‌ಇಯ ಹಳೆಯ ಕಡತಗಳಲ್ಲಿ ಚಿಹ್ನೆ INFY ಅಲ್ಲ, INFOSYSTCH. ಬಿಎಸ್‌ಇ ಕೋಡ್ ಮಾತ್ರ ಹಾಗೇ ಉಳಿದಿದೆ.

ಆಮೇಲೆ nseindia.com ನ Corporate Filings ಅಡಿಯ Corporate Actions ಜೊತೆ ತಾಳೆ ನೋಡಿ. ಎನ್‌ಎಸ್‌ಇಯಲ್ಲಿ ಷೇರು ವಹಿವಾಟು ಶುರುವಾಗಿದ್ದೇ 1994ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನದು ಅಲ್ಲಿ ಸಿಗೋದಿಲ್ಲ.

ಪಟ್ಟಿಯಲ್ಲಿ ಎಕ್ಸ್-ಡೇಟ್, ರೆಕಾರ್ಡ್ ಡೇಟ್ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಎಕ್ಸ್-ಡೇಟ್‌ನಿಂದ ಷೇರು ಕೊಂಡವರಿಗೆ ಆ ಬೋನಸ್, ಡಿವಿಡೆಂಡ್ ಸಿಗೋದಿಲ್ಲ; ರೆಕಾರ್ಡ್ ಡೇಟ್ ದಿನ ಕಂಪನಿ ಷೇರುದಾರರು ಯಾರು ಅಂತ ನೋಡುತ್ತೆ. 2018ರ ಬೋನಸ್‌ಗೆ ಎಕ್ಸ್-ಡೇಟ್ ಸೆಪ್ಟೆಂಬರ್ 4, ರೆಕಾರ್ಡ್ ಡೇಟ್ ಸೆಪ್ಟೆಂಬರ್ 5. ಒಂದು ಸೈಟು 4 ಅಂತಲೂ ಇನ್ನೊಂದು 5 ಅಂತಲೂ ತೋರಿಸಿದರೆ ಯಾವುದೂ ತಪ್ಪಲ್ಲ. 2023ರ ಜನವರಿ ಕೊನೆಗೆ ಎಲ್ಲಾ ಷೇರುಗಳೂ ಟಿ+1ಕ್ಕೆ, ಅಂದರೆ ಕೊಂಡ ಷೇರು ಮುಂದಿನ ಕೆಲಸದ ದಿನವೇ ಖಾತೆಗೆ ಬರುವ ಪದ್ಧತಿಗೆ, ಬಂದ ಮೇಲೆ ಎರಡೂ ಸಾಮಾನ್ಯವಾಗಿ ಒಂದೇ ದಿನ ಬೀಳುತ್ತವೆ. ನಿಮಗೆ ಕಂಡ ವ್ಯತ್ಯಾಸದಲ್ಲಿ ಅರ್ಧ ಇದೇ ಇರಬಹುದು.

ಕೋಡ್ ಬರೆಯುವವರು, ಬೆಂಗಳೂರು: ಇಷ್ಟೆಲ್ಲಾ ಯಾಕೆ? ಪೈಥಾನ್‌ನಲ್ಲಿ ಎರಡು ಸಾಲು, ಮುಗೀತು.

```python
import yfinance as yf
print(yf.Ticker("INFY").actions)
```

ನ್ಯೂಜೆರ್ಸಿಯಿಂದ: ನನ್ನ ಹತ್ರ ಇರೋದೂ ಇನ್ಫೋಸಿಸ್, ಈ ಕೋಡ್ ಕೊಡೋ ಪಟ್ಟಿ ನನ್ನ ಸ್ಟೇಟ್‌ಮೆಂಟಿಗೆ ಸರಿಯಾಗಿ ಹೊಂದುತ್ತೆ. ಡಿವಿಡೆಂಡ್ ಡಾಲರಿನಲ್ಲಿ ಬರುತ್ತೆ. ಬೋನಸ್ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ, ಸ್ಪ್ಲಿಟ್ ಅಂತ ಇದೆ.

ಲೆಕ್ಕಪರಿಶೋಧಕಿ, ಮೈಸೂರು: ನಿಮಗೆ ಹೊಂದುತ್ತೆ, ದಾವಣಗೆರೆಯವರಿಗೆ ಹೊಂದೋದಿಲ್ಲ. ಯಾಹೂನಲ್ಲಿ ಬರೀ INFY ಅಂದರೆ ನ್ಯೂಯಾರ್ಕಿನ ಎಡಿಎಸ್, ಇಲ್ಲಿಯ ಷೇರಿನ ಬದಲಿಗೆ ಅಮೆರಿಕದಲ್ಲಿ ವಹಿವಾಟಾಗುವ ಪತ್ರ. ಇಲ್ಲಿಯ ಷೇರಿಗೆ INFY.NS ಹಾಕಬೇಕು. ಡಾಲರ್, ರೂಪಾಯಿ ವ್ಯತ್ಯಾಸ ಅಷ್ಟೇ ಆಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. 2004ರಲ್ಲಿ ಪೆಟ್ಟು ಬೀಳುತ್ತೆ. ಆ ವರ್ಷ ಇಲ್ಲಿಯ ಷೇರಿಗೆ 3:1 ಬೋನಸ್, ಅಂದರೆ ಒಂದಿದ್ದದ್ದು ನಾಲ್ಕಾಯಿತು. ಆಗ ಎರಡು ಎಡಿಎಸ್ ಸೇರಿ ಒಂದು ಷೇರು. ಅದನ್ನು ಒಂದಕ್ಕೊಂದು ಮಾಡುವ ಸಲುವಾಗಿ ಎಡಿಎಸ್ ಇದ್ದವರಿಗೆ ಒಂದಕ್ಕೆ ಎರಡು ಮಾತ್ರ ಆಯಿತು. ಆ ಪಟ್ಟಿ ಹಿಡಿದು ಅಪ್ಪನ ಷೇರು ಎಣಿಸಿದರೆ ಲೆಕ್ಕ ಅರ್ಧಕ್ಕೆ ಬರುತ್ತೆ.

ಕೋಡ್ ಬರೆಯುವವರು, ಬೆಂಗಳೂರು: .NS ಬಿಟ್ಟುಹೋಗಿತ್ತು, ನನ್ನದೇ ತಪ್ಪು. ಅದನ್ನು ಸೇರಿಸಿದರೆ ಸಾಕಲ್ವಾ?

ಲೆಕ್ಕಪರಿಶೋಧಕಿ, ಮೈಸೂರು: ಎಷ್ಟು ಪಟ್ಟು ಆಯಿತು ಅಂತ ತಾಳೆ ನೋಡೋದಕ್ಕೆ ಸಾಕು. ಡಿವಿಡೆಂಡಿಗೆ ಸಾಲದು. ಯಾಹೂ ಕೊಡುವ ಮೊತ್ತ ಆಮೇಲಿನ ಬೋನಸ್‌ಗಳಿಂದ ಭಾಗಿಸಿದ್ದು. 2018ರ ಜೂನಿನಲ್ಲಿ ಅಂತಿಮ ಡಿವಿಡೆಂಡ್ ₹20.50, ವಿಶೇಷ ಡಿವಿಡೆಂಡ್ ₹10, ಒಟ್ಟು ಷೇರಿಗೆ ₹30.50 ಬಂತು. ಸೆಪ್ಟೆಂಬರಿನ 1:1 ಬೋನಸ್‌ನಿಂದ ಭಾಗಿಸಿದರೆ ₹15.25. ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡುವವರಿಗೆ 30.50 ಬೇಕು, ಇಂದಿನ ಬೆಲೆಯ ಜೊತೆ ಹೋಲಿಸುವವರಿಗೆ 15.25 ಬೇಕು. ಒಂದೇ ಕಾಲಂನಲ್ಲಿ ಎರಡೂ ಬೆರೆತರೆ ಮತ್ತೆ ಬಿಡಿಸೋದು ಬಹಳ ಕಷ್ಟ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ: ಹಳೇ ಪ್ರಕಟಣೆಗಳಲ್ಲಿ ಡಿವಿಡೆಂಡ್ ಶೇಕಡಾದಲ್ಲಿ ಇರುತ್ತೆ, ಅದನ್ನೂ ಗಮನಿಸಿ. ಅದು ಮುಖಬೆಲೆಯ ಮೇಲಿನ ಶೇಕಡಾ, ಮಾರುಕಟ್ಟೆ ಬೆಲೆಯ ಮೇಲಿನದಲ್ಲ. 2004ರಲ್ಲಿ ಒಂದು ಸಲದ ವಿಶೇಷ ಡಿವಿಡೆಂಡ್ ಷೇರಿಗೆ ₹100 ಕೊಟ್ಟರು. ಮುಖಬೆಲೆ ₹5, ಹಾಗಾಗಿ ಅದು ಶೇ 2000. 2000ನೇ ಇಸವಿಯ ಸ್ಪ್ಲಿಟ್‌ಗಿಂತ ಹಿಂದೆ ಮುಖಬೆಲೆ ₹10 ಇತ್ತು. ಆಗಿನ ಶೇಕಡಾವನ್ನು 5ರಿಂದ ಗುಣಿಸಿದರೆ ಅರ್ಧ ದುಡ್ಡು ಮಾಯ.

ವಿಪ್ರೋ ಷೇರುದಾರರು, ಹುಬ್ಬಳ್ಳಿ: ನಂದು ವಿಪ್ರೋರೀ. 2019ರ ಬೋನಸ್ 1:3 ಅಂತ ಐತಿ. ನೀವು 3:1ಕ್ಕೆ ನಾಲ್ಕು ಪಟ್ಟು ಅಂತೀರಿ, ನನಗೂ 100 ಇದ್ದದ್ದು 400 ಆಗಬೇಕಿತ್ತಲ್ರೀ? ಬರೇ 133 ಅದಾವು.

ಲೆಕ್ಕಪರಿಶೋಧಕಿ, ಮೈಸೂರು: 133 ಸರಿಯಾಗೇ ಇದೆ ಸರ್. ಮೊದಲ ಅಂಕಿ ಹೊಸ ಷೇರು, ಎರಡನೆಯದು ಕೈಯಲ್ಲಿದ್ದದ್ದು. ಎರಡನ್ನೂ ಕೂಡಿ ಎರಡನೆಯದರಿಂದ ಭಾಗಿಸಿ. ಇನ್ಫೋಸಿಸ್‌ಗೆ (3+1)/1 = 4, ನಿಮ್ಮದಕ್ಕೆ (1+3)/3 = 1.333. ಉಳಿದ ಮೂರನೇ ಒಂದು ಭಾಗಕ್ಕೆ ಷೇರು ಬರೋದಿಲ್ಲ, ಹಣ ಬರುತ್ತೆ. ಖಾತೆಯಲ್ಲಿ ಎಲ್ಲಿಂದ ಬಂತೋ ಗೊತ್ತಾಗದ ಸಣ್ಣ ಮೊತ್ತ ಇದ್ದರೆ ಅದೇ ಇರಬಹುದು, ಡಿವಿಡೆಂಡ್ ಕಾಲಂಗೆ ಸೇರಿಸಬೇಡಿ.

ದಾವಣಗೆರೆಯವರ ಲೆಕ್ಕ ಇಲ್ಲೇ ಬಿಡಿಸೋಣ. 1994, 1997, 1999ರಲ್ಲಿ ಒಂದೊಂದು 1:1 ಬೋನಸ್: 100 ಇದ್ದದ್ದು 800 ಆಯಿತು. 2000ದಲ್ಲಿ ಮುಖಬೆಲೆ 10ರಿಂದ 5ಕ್ಕೆ ಸ್ಪ್ಲಿಟ್: 1,600. 2004ರ 3:1: 6,400. 2006ರ 1:1: 12,800. 2014ರ ಡಿಸೆಂಬರ್: 25,600. 2015ರ ಜೂನ್: 51,200. 2018ರ ಸೆಪ್ಟೆಂಬರ್: 1,02,400. ಮಧ್ಯೆ ಮಾರಿಲ್ಲದಿದ್ದರೆ ಡಿಮ್ಯಾಟ್‌ನಲ್ಲಿ ಇಷ್ಟೇ ಇರಬೇಕು. 51,200 ಅಥವಾ 25,600 ಇದ್ದರೆ ನಿಮ್ಮ ಪಟ್ಟಿ ತಪ್ಪು ಅಂತ ತಿದ್ದಲು ಹೋಗಬೇಡಿ. ಯಾವುದೋ ಬೋನಸ್ ಷೇರು ಬೇರೆ ಫೋಲಿಯೋದಲ್ಲಿ ಕಾಗದದ ರೂಪದಲ್ಲೇ ಉಳಿದಿರಬಹುದು. ಏಳು ವರ್ಷ ಡಿವಿಡೆಂಡ್ ಪಡೆಯದ ಷೇರು ಸರ್ಕಾರದ ನಿಧಿಯಾದ ಐಇಪಿಎಫ್‌ಗೂ ಹೋಗಿರುತ್ತೆ, ಅಲ್ಲೂ ಹುಡುಕಿ.

ಕೇಳಿದವರು, ದಾವಣಗೆರೆ: 1,02,400 ಇದೆ ಮೇಡಂ, ಒಂದೂ ಮಾರಿಲ್ಲ. ಈಗ ಸ್ವಲ್ಪ ಮಾರಬೇಕು. ತೆರಿಗೆ ಲೆಕ್ಕಕ್ಕೆ ಚಾರ್ಟ್‌ನಲ್ಲಿ 31 ಜನವರಿ 2018ರ ಬೆಲೆ ನೋಡಿ ಎಲ್ಲಾ ಷೇರಿಗೂ ಅದೇ ಅಸಲು ಹಿಡಿದಿದ್ದೀನಿ.

ಲೆಕ್ಕಪರಿಶೋಧಕಿ, ಮೈಸೂರು: ಅಲ್ಲಿ ಎರಡು ತಪ್ಪಾಗುತ್ತೆ. 2018ರ ಸೆಪ್ಟೆಂಬರಿನ 51,200 ಷೇರು ಆ ದಿನದ ನಂತರ ಹುಟ್ಟಿದವು, ಅವಕ್ಕೆ ಅಸಲು ಸೊನ್ನೆ. ಆ ದಿನದ ಬೆಲೆ ಅನ್ವಯವಾಗೋದು ಹಳೆಯ 51,200ಕ್ಕೆ ಮಾತ್ರ. ಅವಕ್ಕೂ ಚಾರ್ಟ್‌ನ ಬೆಲೆ ಬೇಡ, ಅದು ಬೋನಸ್‌ನಿಂದ ಭಾಗಿಸಿ ಅರ್ಧವಾಗಿರುತ್ತೆ. ವಿನಿಮಯ ಕೇಂದ್ರದ ದಿನದ ದರಪಟ್ಟಿ, ಅಂದಿನ ಭಾವ್‌ಕಾಪಿ, ತೆರೆದು ದಿನದ ಗರಿಷ್ಠ ಬೆಲೆ ತಗೊಳ್ಳಿ. ಮಾರುವಾಗ ಮೊದಲು ಡಿಮ್ಯಾಟ್‌ಗೆ ಬಂದ ಷೇರು ಮೊದಲು ಹೋದ ಹಾಗೆ ಲೆಕ್ಕ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ: 1994, 1997ಕ್ಕೆ ದಿನಾಂಕ ಏನು ಬರೆಯೋದು? ಹಳೇ ವಾರ್ಷಿಕ ವರದಿ ಕಂಪನಿ ಸೈಟಿನಲ್ಲಿವೆ, ಷೇರುದಾರರ ಮಾಹಿತಿ ಪುಟ ನೋಡಬೇಕು. ಆದರೆ ಆ ಕಾಲದ ಕಂಪನಿಗಳು ಷೇರು ವರ್ಗಾವಣೆ ನಿಲ್ಲಿಸುವ ಅವಧಿಯನ್ನು ಬುಕ್ ಕ್ಲೋಷರ್ ಅಂತ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಕೊಡುತ್ತಿದ್ದವು. ನಾನಾದರೆ ಮೊದಲ ದಿನ ಹಾಕುತ್ತೇನೆ.

ಲೆಕ್ಕಪರಿಶೋಧಕಿ, ಮೈಸೂರು: ನಾನು ಒಪ್ಪೋದಿಲ್ಲ. ಎಕ್ಸ್-ಡೇಟ್ ಕಾಲಂ ಖಾಲಿ ಬಿಟ್ಟು, ಬುಕ್ ಕ್ಲೋಷರ್‌ಗೆ ಇನ್ನೊಂದು ಕಾಲಂ ಮಾಡಿ ಎರಡೂ ದಿನ ಬರೆಯಿರಿ. ಊಹೆಯ ದಿನಾಂಕ ಒಂದು ಸಲ ಪಟ್ಟಿಗೆ ಸೇರಿದರೆ ಮುಂದೆ ನೋಡುವವರಿಗೆ ಅದು ಊಹೆ ಅಂತ ಗೊತ್ತಾಗೋದಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ: ಕಾಲಂ ಖಾಲಿ ಇದ್ದರೆ ದಿನಾಂಕದ ಪ್ರಕಾರ ಜೋಡಿಸುವಾಗ ಆ ಸಾಲು ಕೊನೆಗೆ ಹೋಗಿ ಕೂರುತ್ತೆ, ಗುಣಾಕಾರ ಕೆಡುತ್ತೆ. ಮೊದಲ ದಿನ ಹಾಕಿ, ಪಕ್ಕದಲ್ಲಿ ‘ಅಂದಾಜು’ ಅಂತ ಬರೆದರೆ ಆಯಿತಲ್ಲ.