k1 ಎಷ್ಟು ಬದಲಿಸಿದರೂ ಫಲಿತಾಂಶದ ಕ್ರಮ ಅಲುಗಾಡುತ್ತಿಲ್ಲ (BM25)

ಹುಡುಕುಪುಟ:
ನನ್ನ ಟಿಪ್ಪಣಿಗಳಿಗೆ ಒಂದು ಸಣ್ಣ ಸರ್ಚ್ ಬರೆಯುತ್ತಿದ್ದೇನೆ, ದಾಖಲೆಗಳಿಗೆ ಅಂಕ ಕೊಡುವುದಕ್ಕೆ BM25 ಸೂತ್ರ ಬಳಸಿದ್ದೇನೆ. ಪರೀಕ್ಷೆಗೆ ಅಂತ ಮೂರೇ ದಾಖಲೆ ಇಟ್ಟುಕೊಂಡಿದ್ದೇನೆ:

ಅ: ಹಳೆ ಬ್ಯಾಟರಿ ಬದಲಿಸುವ ಸರಳ ವಿಧಾನ
ಆ: ಸಾಧನ ಆನ್ ಆಗದಿದ್ದರೆ ಮೊದಲು ಬ್ಯಾಟರಿ ನೋಡಿ ಆಮೇಲೆ ತಂತಿ ಗುಂಡಿ ಪರದೆ ಒಂದೊಂದಾಗಿ ಪರೀಕ್ಷಿಸಿ ಕೊನೆಗೆ ಬೇರೆ ಬ್ಯಾಟರಿ ಹಾಕಿ ಮತ್ತೊಮ್ಮೆ ಆನ್ ಮಾಡಿ ನೋಡಿ
ಇ: ಪರದೆಯ ಬೆಳಕು ಕಡಿಮೆ ಮಾಡುವ ಬಗೆ

"ಬ್ಯಾಟರಿ" ಅಂತ ಹುಡುಕಿದರೆ ಅ ಮೇಲೆ ಬರುತ್ತದೆ, ಆ ಕೆಳಗೆ. "ಆ" ದಾಖಲೆಯಲ್ಲಿ ಈ ಪದ ಎರಡು ಸಲ ಇದೆ, ಅದು ಮೇಲೆ ಬರಬೇಕು ಅನ್ನುವುದು ನನ್ನ ನಿರೀಕ್ಷೆ. k1 ಅನ್ನು 0.2 ಇಟ್ಟು ನೋಡಿದೆ, 10 ಇಟ್ಟು ನೋಡಿದೆ. ಅಂಕಗಳು ಬದಲಾಗುತ್ತವೆ, ಕ್ರಮ ಮಾತ್ರ ಬದಲಾಗುವುದಿಲ್ಲ. ಕೋಡ್‌ನಲ್ಲಿ ತಪ್ಪಿದೆಯಾ?

```python
def anka(tf, dl, avgdl, k1=1.2, b=0.75):
    K = k1 * (1 - b + b * dl / avgdl)
    return tf / (tf + K)
```

tf ಅಂದರೆ ದಾಖಲೆಯಲ್ಲಿ ಪದ ಎಷ್ಟು ಸಲ ಬಂತು, dl ದಾಖಲೆಯ ಉದ್ದ, avgdl ಸರಾಸರಿ ಉದ್ದ. ಹುಡುಕುವುದು ಒಂದೇ ಪದ, ಹಾಗಾಗಿ ಪದ ಎಷ್ಟು ಅಪರೂಪ ಅಂತ ಹೇಳುವ idf ಎರಡಕ್ಕೂ ಒಂದೇ. ಅದನ್ನು ಬಿಟ್ಟಿದ್ದೇನೆ.

ಬಿಟ್‌ಮಣಿ:
k1 ಅಂದರೆ ಪದ ಮತ್ತೆ ಮತ್ತೆ ಬಂದಾಗ ಅಂಕ ಎಷ್ಟು ಬೇಗ ತುಂಬಿಹೋಗುತ್ತದೆ ಅನ್ನುವ ಲೆಕ್ಕ. ಅದನ್ನು ದೊಡ್ಡದು ಮಾಡಿದರೆ ಜಾಸ್ತಿ ಸಲ ಬಂದ ಪದಕ್ಕೆ ಜಾಸ್ತಿ ಬೆಲೆ. ನೀವು 10ಕ್ಕೇ ನಿಲ್ಲಿಸಿದ್ದೀರಿ, 100 ಇಟ್ಟು ನೋಡಿ, "ಆ" ಮೇಲೆ ಬಂದೇ ಬರುತ್ತದೆ.

ಸಾಲುಗಣಿ:
100 ಇಟ್ಟರೂ ಬರುವುದಿಲ್ಲ. ಕೋಡ್ ಸರಿಯಾಗಿದೆ. ಬಿಟ್‌ಮಣಿಯವರು k1 ಬಗ್ಗೆ ಹೇಳಿದ್ದು ಸರಿ, ಆದರೆ ಒಂದೇ ಪದದ ಹುಡುಕಾಟದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕೋಣ.

ಉದ್ದಗಳು 5, 20, 5. ಸರಾಸರಿ 10. ಮೊದಲು ಆವರಣದ ಒಳಗಿರುವುದನ್ನಷ್ಟೇ ನೋಡಿ, ಅದಕ್ಕೆ B ಅನ್ನೋಣ. ಅ ಸರಾಸರಿಯ ಅರ್ಧ, ಆ ಸರಾಸರಿಯ ಎರಡರಷ್ಟು.

```
B(ಅ) = 0.25 + 0.75 × 0.5 = 0.625
B(ಆ) = 0.25 + 0.75 × 2   = 1.75
```

ಈಗ k1 = 1.2 ಹಾಕಿದರೆ ಅ ದಾಖಲೆಗೆ 1/(1 + 0.75) = 0.571. ಆ ದಾಖಲೆಗೆ 2/(2 + 2.1) = 0.488. ನಿಮಗೆ ಬಂದದ್ದೂ ಇದೇ ಅಲ್ವಾ?

ಈಗ ಮೇಲೂ ಕೆಳಗೂ B ಯಿಂದ ಭಾಗಿಸಿ. ಸೂತ್ರ ಹೀಗಾಗುತ್ತದೆ:

```
(tf/B) / (tf/B + k1)
```

ಅಂದರೆ ಉದ್ದದ ಲೆಕ್ಕ ಮೊದಲೇ ಮುಗಿದುಹೋಗುತ್ತದೆ. ಅ ಗೆ tf/B ಬೆಲೆ 1.6, ಆ ಗೆ 1.14. k1 ಬರುವುದು ಆಮೇಲೆ. ಒಳಗೆ ಹೋಗುವ ಸಂಖ್ಯೆ ದೊಡ್ಡದಾದರೆ ಹೊರಗೆ ಬರುವುದೂ ದೊಡ್ಡದೇ, k1 ಸೊನ್ನೆಗಿಂತ ಜಾಸ್ತಿ ಇರುವವರೆಗೆ ಯಾವ ಬೆಲೆಗೂ ಅದು ತಿರುಗುಮುರುಗಾಗುವುದಿಲ್ಲ. ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ, ಅಷ್ಟೇ. ಕ್ರಮ ಬದಲಾಗಬೇಕಾದರೆ ನೀವು ಮುಟ್ಟಬೇಕಾದದ್ದು b, ಅಂದರೆ ಉದ್ದಕ್ಕೆ ಎಷ್ಟು ದಂಡ ಹಾಕಬೇಕು ಅನ್ನುವ ಸಂಖ್ಯೆ.

ಹುಡುಕುಪುಟ:
b = 0.5 ಇಟ್ಟೆ, ಎರಡಕ್ಕೂ 0.526 ಬಂತು! 0.4ಕ್ಕೆ ಇಳಿಸಿದರೆ "ಆ" ಮೇಲೆ ಬಂತು. ಹಾಗಾದರೆ k1 ಯಾಕೆ ಇಟ್ಟಿದ್ದಾರೆ?

ಸಾಲುಗಣಿ:
ಎರಡು ಪದ ಹುಡುಕಿದಾಗ ಗೊತ್ತಾಗುತ್ತದೆ. "ಬ್ಯಾಟರಿ ಸೋರಿಕೆ" ಅಂತ ಹುಡುಕಿ. ಉದ್ದದ ತಕರಾರು ಬೇಡ, ಮೂರೂ ದಾಖಲೆ 10 ಪದದ್ದೇ ಇರಲಿ. ಒಂದರಲ್ಲಿ ಬ್ಯಾಟರಿ 5 ಸಲ, ಸೋರಿಕೆ ಇಲ್ಲವೇ ಇಲ್ಲ. ಇನ್ನೊಂದರಲ್ಲಿ ಎರಡೂ ಒಂದೊಂದು ಸಲ. ಮೂರನೆಯದರಲ್ಲಿ ಸೋರಿಕೆ ಮಾತ್ರ ಒಂದು ಸಲ. ಎರಡು ಪದವೂ ಎರಡೆರಡು ದಾಖಲೆಯಲ್ಲಿವೆ, ಹಾಗಾಗಿ idf ಸಮ.

k1 = 1.2 ಇದ್ದರೆ ಮೊದಲನೆಯದಕ್ಕೆ 5/6.2 = 0.806. ಎರಡನೆಯದಕ್ಕೆ 1/2.2 ಎರಡು ಸಲ, ಒಟ್ಟು 0.909. ಎರಡೂ ಪದ ಇರುವುದು ಗೆದ್ದಿತು. k1 = 5 ಮಾಡಿ: ಮೊದಲನೆಯದು 0.5, ಎರಡನೆಯದು 0.333. ಈಗ ಸುಮ್ನೆ ಬ್ಯಾಟರಿ ಬ್ಯಾಟರಿ ಅಂತ ಬರೆದದ್ದು ಮೇಲೆ. ತಿರುಗುವ ಜಾಗ ಸುಮಾರು 1.67.

ಒಂದು ಪದಕ್ಕೆ ಎಷ್ಟೇ ಸಲ ಬಂದರೂ 1ಕ್ಕಿಂತ ಜಾಸ್ತಿ ಅಂಕ ಸಿಗುವುದಿಲ್ಲ. k1 ಚಿಕ್ಕದಿದ್ದರೆ ಆ ಮಿತಿಯ ಹತ್ತಿರಕ್ಕೆ ಬೇಗ ಮುಟ್ಟುತ್ತದೆ, ಮುಂದಿನ ಅಂಕಕ್ಕೆ ಬೇರೆ ಪದವೇ ಬೇಕಾಗುತ್ತದೆ. ನನಗೆ ಈ ಸೂತ್ರದಲ್ಲಿ ತುಂಬಾ ಇಷ್ಟವಾದ ಗುಣ ಇದು.

ಇಂಡೆಕ್ಸ್‌ಗಿರಿ:
ನನಗೂ ಇದೇ ತೊಂದರೆ. ಕೈಯಲ್ಲಿ ಲೆಕ್ಕ ಹಾಕಿದ ಅಂಕ ಸರ್ಚ್ ಲೈಬ್ರರಿ ಕೊಡುವುದಕ್ಕಿಂತ ಸರಿಯಾಗಿ 2.2 ಪಟ್ಟು ಜಾಸ್ತಿ ಬರುತ್ತಿದೆ. k1 ತಪ್ಪಾಗಿದೆಯಾ?

ಸಾಲುಗಣಿ:
ನಿಮ್ಮದು ಬೇರೆ ಸಂಗತಿ. ಹಳೆಯ ಸೂತ್ರದಲ್ಲಿ ಮೇಲ್ಗಡೆ (k1 + 1) ಅಂತ ಒಂದು ಗುಣಕ ಇರುತ್ತದೆ, 1.2ಕ್ಕೆ ಅದು 2.2. ಎಲ್ಲ ದಾಖಲೆಗೂ ಅದೇ ಗುಣಕ, ಕ್ರಮಕ್ಕೆ ಏನೂ ಆಗುವುದಿಲ್ಲ ಅಂತ ಲೂಸೀನ್ ಸರ್ಚ್ ಲೈಬ್ರರಿಯ 8ನೇ ಆವೃತ್ತಿಯಲ್ಲಿ ತೆಗೆದುಹಾಕಿದರು. "ಇಷ್ಟು ಅಂಕಕ್ಕಿಂತ ಕಡಿಮೆ ಇದ್ದರೆ ತೋರಿಸಬೇಡ" ಅಂತ ಎಲ್ಲಾದರೂ ಮಿತಿ ಬರೆದಿದ್ದರೆ ಅದನ್ನು ಮಾತ್ರ ನೋಡಿಕೊಳ್ಳಿ.

ಬಿಟ್‌ಮಣಿ:
ಸರಿ, k1 ವಿಷಯ ಒಪ್ಪಿದೆ. ಹಾಗಾದರೆ ಕೊನೆಗೆ ಇದು ನೂರು ಪದಕ್ಕೆ ಎಷ್ಟು ಸಲ ಬಂತು ಅನ್ನುವ ಸಾಂದ್ರತೆಯ ಲೆಕ್ಕವೇ ತಾನೆ?

ಸಾಲುಗಣಿ:
b = 1 ಇದ್ದರೆ ಹೌದು, ಕ್ರಮ ಸಾಂದ್ರತೆಯದ್ದೇ. 0.75ಕ್ಕೆ ಅಲ್ಲ. "ಆ" ದಾಖಲೆಯಲ್ಲಿ ಬೇರೆ ಒಂದು ಪದ ತೆಗೆದು ಅದರ ಜಾಗದಲ್ಲಿ ಮೂರನೇ ಸಲ ಬ್ಯಾಟರಿ ಹಾಕಿ. 20ರಲ್ಲಿ 3, ಅಂದರೆ ಅ ಗಿಂತ ಸಾಂದ್ರತೆ ಇನ್ನೂ ಕಡಿಮೆಯೇ. ಆದರೂ ಅಂಕ 3/5.1 = 0.588, ಅ ಯ 0.571 ಅನ್ನು ದಾಟುತ್ತದೆ.

ಹುಡುಕುಪುಟ ಅವರಿಗೆ ಇನ್ನೊಂದು ಮಾತು. ಮೂರು ದಾಖಲೆ ನೋಡಿ b ನಿರ್ಧರಿಸಬೇಡಿ. ನಿಮ್ಮ ಮೊದಲಿನ ಮೂರರ ಜೊತೆಗೆ ಬ್ಯಾಟರಿ ಪದವೇ ಇಲ್ಲದ 90 ಪದಗಳ ದಾಖಲೆಯೊಂದನ್ನು ಸೇರಿಸಿ. ಸರಾಸರಿ 10ರಿಂದ 30ಕ್ಕೆ ಹಾರುತ್ತದೆ. b = 0.75 ಹಾಗೇ ಇದ್ದರೂ ಅ, ಆ ಎರಡಕ್ಕೂ 0.690 ಬಂದು ಸಮ ಆಗುತ್ತದೆ. ಅದು 90ಕ್ಕಿಂತ ಉದ್ದ ಇದ್ದರೆ "ಆ" ಮೇಲೆ ಬರುತ್ತದೆ. ಹುಡುಕಾಟಕ್ಕೆ ಸಂಬಂಧವೇ ಇಲ್ಲದ ಒಂದು ಉದ್ದನೆಯ ಕಡತ ಕ್ರಮವನ್ನೇ ತಿರುಗಿಸಿತು. ಇದ್ದಕ್ಕಿದ್ದಂತೆ ಫಲಿತಾಂಶ ಬದಲಾದರೆ ನಾನು ಮೊದಲು avgdl ಮುದ್ರಿಸಿ ನೋಡುತ್ತೇನೆ.

ಹುಡುಕುಪುಟ:
ಓ, ಇದು ಗೊತ್ತೇ ಇರಲಿಲ್ಲ. ನನ್ನ ನಿಜವಾದ ಸಂಗ್ರಹದಲ್ಲಿ ಕೆಲವು ಲಾಗ್ ಕಡತಗಳೂ ಇವೆ, ಅವನ್ನು ಬೇರೆ ಇಂಡೆಕ್ಸ್‌ಗೆ ಹಾಕುತ್ತೇನೆ. ಆದರೆ b ಎಷ್ಟು ಇಡಲಿ?

ಸಾಲುಗಣಿ:
ಉದ್ದನೆಯ ಟಿಪ್ಪಣಿ ಯಾಕೆ ಉದ್ದ ಆಗಿದೆ ಅನ್ನುವುದರ ಮೇಲಿದೆ. ಅದೇ ಮಾತನ್ನು ಎಳೆದು ಬರೆದಿದ್ದರೆ ದಂಡ ಹಾಕುವುದು ಸರಿ, b ಜಾಸ್ತಿ ಇರಲಿ. ನಿಜವಾಗಿ ಹೆಚ್ಚು ವಿಷಯ ಇದ್ದರೆ ಕಡಿಮೆ ಮಾಡಿ. ಒಂದೇ ಸಂಗ್ರಹದಲ್ಲಿ ಎರಡೂ ಬಗೆ ಇದ್ದರೆ ಒಂದು b ಇಬ್ಬರಿಗೂ ನ್ಯಾಯ ಮಾಡುವುದಿಲ್ಲ. ನೀವು ದಿನಾ ಹುಡುಕುವ ಪ್ರಶ್ನೆಗಳನ್ನು ತೆಗೆದುಕೊಂಡು, ಯಾವುದು ಮೇಲೆ ಬರಬೇಕು ಅಂತ ಮೊದಲೇ ಗುರುತು ಮಾಡಿ, ಆಮೇಲೆ b ಬದಲಿಸಿ ಹೋಲಿಸಿ.

ಇಂಡೆಕ್ಸ್‌ಗಿರಿ:
ಕನ್ನಡ ಪಠ್ಯದಲ್ಲಿ ಬ್ಯಾಟರಿ, ಬ್ಯಾಟರಿಯ, ಬ್ಯಾಟರಿಯನ್ನು ಅಂತ ಬೇರೆ ಬೇರೆ ಪದವಾಗಿಯೇ ಎಣಿಕೆ ಆಗುತ್ತವಲ್ಲ? ಪ್ರತ್ಯಯ ಕತ್ತರಿಸದಿದ್ದರೆ tf ಬಹುತೇಕ 1ರಲ್ಲೇ ಉಳಿಯುತ್ತದೆ. ಆಗ ಎಷ್ಟು ಸಲ ಬಂತು ಅನ್ನುವುದಕ್ಕೆ ಬೆಲೆಯೇ ಇಲ್ಲದೆ ಎಲ್ಲವನ್ನೂ ಉದ್ದವೇ ನಿರ್ಧರಿಸಿದಂತಾಗುತ್ತದೆ. ಯಾರಾದರೂ ಕತ್ತರಿಸಿ, ಕತ್ತರಿಸದೆ ಎರಡೂ ರೀತಿ ಹೋಲಿಸಿ ನೋಡಿದ್ದೀರಾ?